ಇಳುವರಿ ರೇಖೆ ಮೇಲೇರಿದ್ದರೆ ಬಡ್ಡಿ ಏರುತ್ತದೆಂದೇ ಅರ್ಥವೇ?

"ಒಂದು ವರ್ಷದ ಟ್ರೆಷರಿ ಬಿಲ್‌ಗಿಂತ ಎರಡು ವರ್ಷದ ಸರ್ಕಾರಿ ಬಾಂಡಿಗೆ ಇಳುವರಿ ಹೆಚ್ಚಿದೆ. ಬಡ್ಡಿ ಏರುತ್ತದೆಂದು ಮಾರುಕಟ್ಟೆಯೇ ಹೇಳುತ್ತಿದೆ. ಈಗ ಒಂದು ವರ್ಷಕ್ಕೆ ಹಾಕಿ, ಆಮೇಲೆ ಹೆಚ್ಚಿನ ದರಕ್ಕೆ ಬದಲಿಸಿದರೆ ಲಾಭವಲ್ಲವೇ?"

ಲಾಭವಲ್ಲ. ಗಡುವು ಹೆಚ್ಚಿದಂತೆ ಇಳುವರಿ ಹೇಗೆ ಬದಲಾಗುತ್ತದೆಂದು ತೋರಿಸುವ ಗೆರೆಯೇ ಇಳುವರಿ ರೇಖೆ, ಅದನ್ನು ಓದುವಲ್ಲಿ ನಾನೂ ಎಡವಿದ್ದೇನೆ. ಮಂಡ್ಯದಲ್ಲಿ ನಮ್ಮ ತಂದೆ 2020ರಲ್ಲಿ ನಿವೃತ್ತರಾದಾಗ ಅವರ ಹತ್ತು ಲಕ್ಷ ರೂಪಾಯಿಗೆ ನಾನು ಹಾಕಿದ್ದೂ ಇದೇ ಲೆಕ್ಕ. ಅಂದಿನ ದರಗಳನ್ನು ದುಂಡಾಗಿಸಿ ಹೇಳುವುದಾದರೆ, ಒಂದು ವರ್ಷಕ್ಕೆ ಶೇ. 3.5, ಎರಡು ವರ್ಷಕ್ಕೆ ಶೇ. 4. ಪಿಂಚಣಿ ಕಾಗದದ ಹಿಂಬದಿಯಲ್ಲಿ 1.04ನ್ನು 1.04ರಿಂದ ಗುಣಿಸಿ 1.035ರಿಂದ ಭಾಗಿಸಿದೆ, 1.045 ಬಂತು. ಮುಂದಿನ ವರ್ಷ ಶೇ. 4.5 ಸಿಗುತ್ತದೆಂದು ಅಪ್ಪನಿಗೆ ಹೇಳಿದೆ. "ಹಾಗೆಂದು ಯಾರು ಹೇಳಿದರು?" ಎಂದರು. "ಮಾರುಕಟ್ಟೆ" ಎಂದೆ. 364 ದಿನಗಳ ಬಿಲ್ ಕೊಂಡೆವು.

2021ರಲ್ಲಿ ಹೊಸ ಬಿಲ್ ಸಿಕ್ಕಿದ್ದು ಶೇ. 3.7ರ ಆಸುಪಾಸಿನಲ್ಲಿ. ರಿಸರ್ವ್ ಬ್ಯಾಂಕ್ ಬ್ಯಾಂಕುಗಳಿಗೆ ಅಲ್ಪಾವಧಿ ಸಾಲ ಕೊಡುವ ರೆಪೊ ದರ ಶೇ. 4ರಿಂದ ಅಲುಗಿದ್ದು 2022ರ ಮೇ ತಿಂಗಳಲ್ಲಿ. ಎರಡು ವರ್ಷದ ಬಾಂಡಿಗೆ ಹೋಲಿಸಿದರೆ ಎಂಟು ಸಾವಿರ ಚಿಲ್ಲರೆ ರೂಪಾಯಿ ಕೈತಪ್ಪಿತು.

ಗುಣಾಕಾರ ಸರಿಯಾಗಿಯೇ ಇತ್ತು, ಓದಿಕೊಂಡದ್ದು ತಪ್ಪು. ಆ 4.5 ಎನ್ನುವುದು ಎರಡೂ ದಾರಿ ಸಮವಾಗುವ ದರ, ಅಷ್ಟೇ. ಬಡ್ಡಿ ಅಲ್ಲಿಗೆ ಏರಿದ್ದರೂ ನಮಗೆ ಒಂದು ಪೈಸೆ ಹೆಚ್ಚು ಸಿಗುತ್ತಿರಲಿಲ್ಲ. ಅದನ್ನೂ ದಾಟಿದ್ದರೆ ಮಾತ್ರ ಲಾಭ. ದೀರ್ಘಾವಧಿ ದರದಲ್ಲಿರುವುದು ಮುಂದಿನ ಅಲ್ಪಾವಧಿ ದರಗಳ ನಿರೀಕ್ಷೆಯೇ ಎನ್ನುವ ನಿರೀಕ್ಷೆಯ ಸಿದ್ಧಾಂತವನ್ನು ಪೂರ್ತಿ ನಂಬಿದರೂ ನಿಮ್ಮ ಉಪಾಯ ನಿಲ್ಲುವುದಿಲ್ಲ. ಜೊತೆಗೆ ಆ 4.5ರಲ್ಲಿ ನಿರೀಕ್ಷೆಯೊಂದೇ ಇರಲಿಲ್ಲ. ಹಣ ಕೊಡುವವನು ಬೇಗ ವಾಪಸು ಬರಲಿ ಎನ್ನುತ್ತಾನೆ, ಪಡೆಯುವವನಿಗೆ ದೀರ್ಘ ಗಡುವು ಬೇಕು. ಕೊಡುವವನನ್ನು ಒಪ್ಪಿಸಲು ಒಂದಿಷ್ಟು ಹೆಚ್ಚುವರಿ ಕೊಡಲೇಬೇಕು ಎಂದು ಅರ್ಥಶಾಸ್ತ್ರಜ್ಞ ಹಿಕ್ಸ್ 1939ರಲ್ಲಿಯೇ ವಾದಿಸಿದ್ದ. ಬಡ್ಡಿ ಏರುವ ನಿರೀಕ್ಷೆ ಯಾರಿಗೂ ಇಲ್ಲದಿದ್ದರೂ ಈ ಹೆಚ್ಚುವರಿಯಿಂದಲೇ ರೇಖೆ ಮೇಲೇರಬಹುದು.

ಆದರೆ ಹಣ ಬೇಗ ಕೈಗೆ ಬರಲಿ ಎನ್ನುವ, ಅಂದರೆ ದ್ರವ್ಯತೆಯ ಒಲವಿನ, ಈ ವಿವರಣೆಯೂ 2025ರಲ್ಲಿ ಸಾಲದಾಯಿತು. ಫೆಬ್ರುವರಿಯಿಂದ ಜೂನ್‌ವರೆಗೆ ರೆಪೊ ದರ ಶೇ. 6.5ರಿಂದ 5.5ಕ್ಕೆ ಇಳಿಯಿತು, 30 ವರ್ಷದ ಬಾಂಡಿನ ಇಳುವರಿ ಮಾತ್ರ ಆಗಸ್ಟ್ ಹೊತ್ತಿಗೆ ಶೇ. 7ನ್ನು ದಾಟಿ ಮೇಲೆ ಹೋಯಿತು. ಆ ಗಡುವಿನ ಮುಖ್ಯ ಗಿರಾಕಿಗಳು ಜೀವವಿಮೆ ಮತ್ತು ಪಿಂಚಣಿ ನಿಧಿಗಳು. ಅವರ ಬೇಡಿಕೆ ತಗ್ಗಿ ಮಾರಾಟಕ್ಕೆ ಬರುವ ಬಾಂಡುಗಳ ಸರಕು ಹೆಚ್ಚಾದರೆ, ಅಲ್ಪಾವಧಿಯಲ್ಲಿ ವ್ಯವಹರಿಸುವ ಬ್ಯಾಂಕು ಓಡಿಬಂದು ಕೊಳ್ಳುವುದಿಲ್ಲ. ಅರ್ಥಶಾಸ್ತ್ರಜ್ಞ ಕಲ್ಬರ್ಟ್‌ಸನ್ 1957ರಲ್ಲಿ ಹೇಳಿದ ಮಾರುಕಟ್ಟೆ ವಿಭಜನೆ ಇದೇ. ಆದರೂ ಗಡುವುಗಳ ನಡುವಿನ ಗೋಡೆ ಪೂರ್ತಿ ಮುಚ್ಚಿರುವುದಿಲ್ಲ. ದರ ಸಾಕಷ್ಟು ಆಕರ್ಷಕವಾದರೆ ಕೆಲವರು ದಾಟಿ ಬರುತ್ತಾರೆ.

ಹಾಗಾಗಿ ನೀವು ಕೇಳಬೇಕಾದದ್ದು ಬಡ್ಡಿ ಏರುತ್ತದೆಯೇ ಎಂದಲ್ಲ, ಈ ಹಣ ನಿಮಗೆ ಯಾವಾಗ ಬೇಕು ಎಂದು. ಎರಡು ವರ್ಷ ಈ ಹಣ ಬೇಡವೆಂದರೆ ಎರಡು ವರ್ಷದ ಬಾಂಡೇ ಕೊಳ್ಳಿ. ರೇಖೆಯನ್ನು ಓದಲೇಬೇಕೆಂಬ ಹಟವಿದ್ದರೆ, ರಿಸರ್ವ್ ಬ್ಯಾಂಕ್ ಪ್ರಕಟಿಸುವ ಸರ್ಕಾರಿ ಸಾಲದ ಹರಾಜು ವೇಳಾಪಟ್ಟಿಯನ್ನೂ ಪಕ್ಕದಲ್ಲಿಟ್ಟುಕೊಳ್ಳಿ. ದೀರ್ಘಾವಧಿ ಬಾಂಡುಗಳ ಪಾಲು ಬದಲಾದ ದಿನ, ರೆಪೊ ಸುದ್ದಿಯೇ ಇಲ್ಲದೆ ಆ ತುದಿ ಮಾತ್ರ ಜಿಗಿದರೆ, ಅದು ಸರಕಿನ ಲೆಕ್ಕ, ಬಡ್ಡಿಯ ಮುನ್ಸೂಚನೆಯಲ್ಲ.