ಸ್ಟಾಪ್‌ವಾಚ್ ಒತ್ತುವ ಬೆರಳಿನ ತಡ

ಮಡಿಕೇರಿಯ ನಮ್ಮ ಶಾಲೆಯಲ್ಲಿ ಇಳಿಜಾರು ಹಲಗೆಯ ಮೇಲೆ ಗೋಲಿ ಉರುಳಿಸಿದೆವು. ಅರ್ಧ ಮೀಟರಿಗೆ 1.21 ಸೆಕೆಂಡು, 2 ಮೀಟರಿಗೆ 2.63. ವೇಗೋತ್ಕರ್ಷ 0.68 ಮತ್ತು 0.58 ಎಂದು ಬೇರೆಬೇರೆ ಬರುವುದೇಕೆ?

ಉತ್ತರ: ಗೋಲಿ ಹೊರಟದ್ದನ್ನು ಕಂಡ ಮೇಲೆಯೇ ಬೆರಳು ಒತ್ತುತ್ತದೆ, ಅಲ್ಲಿ ತಡ. ಕೊನೆಯ ಗೆರೆಗೆ ಅದು ಬರುತ್ತಿರುವುದು ಮೊದಲೇ ಕಾಣುವುದರಿಂದ ಅಲ್ಲಿ ಅಷ್ಟು ತಡವಿಲ್ಲ. ಹೀಗಾಗಿ ಎರಡೂ ಸಮಯಗಳು ಹೆಚ್ಚುಕಡಿಮೆ ಒಂದೇ ಅವಧಿಯಷ್ಟು ಕುಗ್ಗಿವೆ; ಚಿಕ್ಕ ದೂರಕ್ಕೆ ಪೆಟ್ಟು ಜೋರು.

ನಿಂತಲ್ಲಿಂದ ಹೊರಟ ಗೋಲಿಗೆ ನಾಲ್ಕು ಪಟ್ಟು ದೂರಕ್ಕೆ ಎರಡು ಪಟ್ಟು ಸಮಯ ಸಾಕು. ಆದ್ದರಿಂದ 2.63ರಲ್ಲಿ 1.21 ಕಳೆದು ಉಳಿಯುವ 1.42 ಸೆಕೆಂಡೇ ಅರ್ಧ ಮೀಟರಿನ ನಿಜವಾದ ಸಮಯ. ತಡ ತಾನಾಗಿ ವಜಾ ಆಯಿತು!

a = 2s/t² = 1/1.42² ≈ 0.50 m/s²

ನಿಮ್ಮ ತಡ ಸುಮಾರು 0.21 ಸೆಕೆಂಡು. ಪ್ರತಿ ಸಲದ ಏರುಪೇರು ಮಾತ್ರ ಹೀಗೆ ಕಳೆಯುವುದಿಲ್ಲ. ಹಲವು ಅಳತೆಗಳ ಸರಾಸರಿ ತೆಗೆಯಿರಿ. ನಡುವೆ ಸ್ಟಾಪ್‌ವಾಚ್ ಹಿಡಿದವರನ್ನು ಬದಲಿಸಬೇಡಿ, ತಡವೂ ಬದಲಾಗುತ್ತದೆ.