ಸೋಮವಾರದ ಚಿತ್ರಾನ್ನ ಮತ್ತು ಕೊಡದೆ ಉಳಿದ ದೂರು

ಮಂಗಳೂರಿನ ವಿದ್ಯಾರ್ಥಿನಿಲಯವೊಂದರ ಹುಡುಗಿಯೊಬ್ಬಳು (ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ) ಜುಲೈ ಕೊನೆಯಲ್ಲಿ ನನ್ನ ಬಳಿ ಬಂದದ್ದು, ಸೋಮವಾರ ಬಂತೆಂದರೆ ತಿಂಡಿ ನೋಡಿದರೇ ಹೊಟ್ಟೆ ತೊಳಸುತ್ತದೆ ಎಂಬ ಕಾರಣಕ್ಕೆ. ವಾರ್ಡನ್‌ಗೆಂದು ಬರೆದ ಎರಡು ಪುಟದ ದೂರು ಹತ್ತು ದಿನಗಳಿಂದ ಆಕೆಯ ಚೀಲದಲ್ಲೇ ಇತ್ತು. "ಇಲ್ಲಿನ ಊಟ ಮನುಷ್ಯರು ತಿನ್ನುವಂಥದ್ದಲ್ಲ" ಎಂದು ಆರಂಭವಾಗುವ ಆ ಪತ್ರ ತೆಳು ಸಾರಿನಿಂದ ಹಿಡಿದು ಬಡಿಸುವವರ ಗಡಸು ಮಾತಿನವರೆಗೆ ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳುತ್ತಿತ್ತು.

ಅದರಲ್ಲಿ ಕಣ್ಣಾರೆ ಕಂಡದ್ದರ ಕೆಳಗೆ ಮಾತ್ರ ಗೆರೆ ಎಳೆಯಲು ಹೇಳಿದೆ. ಆಗ ಆಕೆ ಸಂಕೋಚದಿಂದಲೇ ಪುಟ್ಟ ಡೈರಿಯ ಕೊನೆಯ ಹಾಳೆಯನ್ನು ತೋರಿಸಿದಳು; ನಿಜವಾದ ದೂರು ಅಲ್ಲಿತ್ತು.

"ಜುಲೈ 8, ಸೋಮವಾರ: ಚಿತ್ರಾನ್ನದ ಅಗುಳು ಲೋಳೆಯಾಗಿ ಬೆರಳಿಗೆ ಅಂಟಿತು. ನಿಂಬೆಯದಲ್ಲದ ಹುಳಿ ವಾಸನೆ. 7.45ಕ್ಕೆ ತಿಂದೆ, 10.30ಕ್ಕೆ ವಾಂತಿ. ಜುಲೈ 15, ಸೋಮವಾರ: ನನಗೂ ಕೋಣೆಯ ಇನ್ನೊಬ್ಬಳಿಗೂ ಹಾಗೆಯೇ. ಜುಲೈ 21, ಭಾನುವಾರ ರಾತ್ರಿ 9.30: ಉಳಿದ ಬೆಳ್ತಿಗೆ ಅನ್ನವನ್ನು ದೊಡ್ಡ ಪಾತ್ರೆಯಲ್ಲಿ ಮುಚ್ಚಿಟ್ಟಿದ್ದರು. ಬೆಳಿಗ್ಗೆ 6ಕ್ಕೆ ನೀರಿಗೆ ಹೋದಾಗಲೂ ಅಲ್ಲೇ ಇತ್ತು. ಜುಲೈ 22: ನಾನು ತಿನ್ನಲಿಲ್ಲ, ಏನೂ ಆಗಲಿಲ್ಲ. ತಿಂದವಳಿಗೆ ವಾಂತಿ."

ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಕಗಳು ಅಕ್ಕಿ ಬೆಂದರೂ ಸಾಯದೆ ಉಳಿಯಬಲ್ಲವು. ದೊಡ್ಡ ಪಾತ್ರೆಯ ನಡುವಿನ ಅನ್ನ ಗಂಟೆಗಟ್ಟಲೆ ಬೆಚ್ಚಗಿರುವುದರಿಂದ ಅವು ಅಲ್ಲಿ ಮೊಳೆತು ಹೆಚ್ಚುತ್ತವೆ, ಮತ್ತು ಅವು ಬಿಡುವ ವಾಂತಿಕಾರಕ ವಿಷ ಮರುದಿನ ಒಗ್ಗರಣೆಯಲ್ಲಿ ಎಷ್ಟು ಬಿಸಿ ಮಾಡಿದರೂ ನಾಶವಾಗುವುದಿಲ್ಲ. ತಿಂದ ಒಂದರಿಂದ ಆರು ಗಂಟೆಯೊಳಗೆ ವಾಂತಿಯಾಗುವುದು ಇದರ ಲಕ್ಷಣ. ಆದರೆ ಪರೀಕ್ಷೆಯಿಲ್ಲದೆ ಇದೇ ಕಾರಣವೆಂದು ಹೇಳಲಾಗದು. ಆದ್ದರಿಂದ ಪತ್ರದಲ್ಲಿ "ವಿಷಾಹಾರ" ಎಂಬ ಪದವನ್ನು ಬಿಡಲು, ಮತ್ತೆ ವಾಂತಿಯಾದರೆ ಅಂದೇ ವೈದ್ಯರಿಗೆ ತೋರಿಸಲು ತಿಳಿಸಿದೆ.

ಸಾರು, ಬಡಿಸುವವರ ಮಾತು ಎರಡನ್ನೂ ಕೈಬಿಡಲು ಹೇಳಿದಾಗ ಆಕೆಗೆ ಬೇಸರವಾಯಿತು. ಅವು ಸುಳ್ಳೆಂದಲ್ಲ, ಅವುಗಳ ಬಗ್ಗೆ ವಾದಿಸುತ್ತ ಕುಳಿತರೆ ಅನ್ನದ ಮಾತು ಹಿಂದೆ ಬೀಳುತ್ತದೆ ಎಂದೆ. ಹೊಸ ಪತ್ರ ಒಂದೇ ಪುಟವಾಯಿತು. ಡೈರಿಯ ಸಾಲುಗಳ ಕೆಳಗೆ ಆಕೆಯೇ ಪರಿಹಾರ ಬರೆದಳು: "ಭಾನುವಾರ ರಾತ್ರಿ ಅನೇಕರು ಹೊರಗೆ ಊಟ ಮಾಡುವುದರಿಂದ ಅನ್ನ ಉಳಿಯುತ್ತಿದೆ. ಊಟಕ್ಕಿರುವವರ ಹೆಸರನ್ನು ಶನಿವಾರ ಸಂಜೆಯೇ ಪುಸ್ತಕದಲ್ಲಿ ಬರೆಸಿಕೊಂಡು ಅಷ್ಟೇ ಅಕ್ಕಿ ಹಾಕಬಹುದು. ಆದರೂ ಉಳಿದರೆ ಅಗಲ ತಟ್ಟೆಗಳಲ್ಲಿ ತೆಳುವಾಗಿ ಹರಡಿ ಎರಡು ಗಂಟೆಯೊಳಗೆ ಫ್ರಿಜ್‌ನಲ್ಲಿಡಬೇಕು, ಇಲ್ಲವೇ ಸೋಮವಾರದ ತಿಂಡಿಯನ್ನು ಅವಲಕ್ಕಿಗೆ ಬದಲಿಸಬೇಕೆಂದು ವಿನಂತಿ, ಮೇಡಂ." ತೊಂದರೆಯಾದ ಇನ್ನಿಬ್ಬರ ಸಹಿ ಪಡೆಯಲು, ತನ್ನ ಪ್ರತಿಯ ಮೇಲೆ ದಿನಾಂಕಸಹಿತ ಸ್ವೀಕೃತಿ ಬರೆಸಿಕೊಳ್ಳಲು ಸೂಚಿಸಿದೆ.

ಫ್ರಿಜ್‌ನಲ್ಲಿ ತಟ್ಟೆಗಳಿಗೆ ಜಾಗವಿಲ್ಲವೆಂದು ವಾರ್ಡನ್ ಅವಲಕ್ಕಿಯನ್ನೇ ಒಪ್ಪಿಕೊಂಡರು. ಹೆಸರು ಬರೆಸುವ ಪುಸ್ತಕ ಮಾತ್ರ ಎರಡು ವಾರ ನಡೆದು ನಿಂತಿದೆ. ಅದಕ್ಕೆ ನೆನಪೋಲೆ ಬರೆಯುವುದು ಹೇಗೆಂದು ಕೇಳಲು ಆಕೆ ಮುಂದಿನ ವಾರ ಬರುವವಳಿದ್ದಾಳೆ.