ಕರಡು ತಿದ್ದುವಾಗ ವಾಕ್ಯದ ಸರದಿ ಕೊನೆಗೆ

"ಕೋಲಾರದ ಕೆರೆಗಳ ಬಗ್ಗೆ ಲೇಖನದ ಕರಡು ಬರೆದೆ. ಮೊದಲ ಪ್ಯಾರಾ ತಿದ್ದುತ್ತಲೇ ಇದ್ದೇನೆ, ಮುಂದೆ ಹೋಗುತ್ತಿಲ್ಲ. ಎಲ್ಲಿಂದ ಶುರು ಮಾಡಲಿ?"

ವಾಕ್ಯಗಳನ್ನು ಸದ್ಯಕ್ಕೆ ಮುಟ್ಟಬೇಡಿ ಸರ್. ಚೆನ್ನಾಗಿ ತಿದ್ದಿದ ಪ್ಯಾರಾವನ್ನು ಆಮೇಲೆ ಕಿತ್ತುಹಾಕಲು ಮನಸ್ಸೇ ಬರುವುದಿಲ್ಲ.

ಒಂದು ಖಾಲಿ ಹಾಳೆಯಲ್ಲಿ ಪ್ರತಿ ಪ್ಯಾರಾ ಏನು ಹೇಳುತ್ತದೆ ಎಂದು ಒಂದೊಂದೇ ಸಾಲಿನಲ್ಲಿ ಬರೆಯಿರಿ. ಉದಾಹರಣೆಗೆ: 1. ಹಳೆಯ ಕೆರೆಗಳು, 2. 2018ರಲ್ಲಿ ಬೆಂಗಳೂರಿನಿಂದ ಸಂಸ್ಕರಿಸಿ ಹರಿಸಿದ ಕೆ.ಸಿ. ವ್ಯಾಲಿ ನೀರು, 3. ಹೂಳು, 4. ನೀರಿನ ಗುಣಮಟ್ಟ, 5. ಮತ್ತೆ ಹೂಳು. ಮೂರು, ಐದು ಒಂದೇ ವಿಷಯ, ಸೇರಿಸಿ. ಹೂಳು ಹಳೆಯ ಕೆರೆಗಳ ಕಥೆಗೆ ಸೇರಿದ್ದು, ಎರಡನೆಯದಕ್ಕಿಂತ ಮೊದಲು ಬರಲಿ. ಒಂದು ಸಾಲಿನಲ್ಲಿ ಹೇಳಲಾಗದ ಪ್ಯಾರಾ ಇದ್ದರೆ ಅದರಲ್ಲಿ ಎರಡು ವಿಷಯ ಕಲೆತಿವೆ, ಒಡೆಯಿರಿ.

ಜಾಗ ಬದಲಿಸಿದ ಮೇಲೆ ಬೆಸುಗೆ ಬಿಡುತ್ತದೆ. "ಹೀಗಾಗಿ", "ಈ ನೀರು" ಎಂದು ಶುರುವಾಗುವ ಪ್ಯಾರಾಗಳನ್ನು ಹುಡುಕಿ. ಅವು ತೋರಿಸುತ್ತಿದ್ದ ಮಾತು ಈಗ ಹಿಂದೆ ಇರುವುದಿಲ್ಲ. ಇಡೀ ಕರಡನ್ನು ಗಟ್ಟಿಯಾಗಿ ಓದಿ ನೋಡಿ, ತಡವರಿಸಿದ ಕಡೆ ಗುರುತು ಹಾಕಿ.

ಆಮೇಲೆ ವಾಕ್ಯ: "ತುಂಬಿಸುವ ಕಾರ್ಯವನ್ನು ಮಾಡಲಾಯಿತು" ಬದಲು "ತುಂಬಿಸಿದರು". ಒತ್ತಕ್ಷರ, ಇಸವಿ, ಊರ ಹೆಸರುಗಳನ್ನು ಕೊನೆಗೆ, ಮುದ್ರಿಸಿದ ಪ್ರತಿಯಲ್ಲಿ ನೋಡಿ.